ಹತ್ತಿ ಹೊಲದ ಮೋಹಕ ಬಲೆ: ಪತಂಗ ಎಣಿಸಿ, ಕಾಯಿ ಸೀಳಿ, ಆಮೇಲೆ ಔಷಧಿ

ಗುಲಾಬಿ ಕಾಯಿಕೊರಕ ಕಣ್ಣಿಗೆ ಬೀಳುವ ಹುಳುವಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಬೇಗನೆ ಹೂವಿನೊಳಗೋ ಕಾಯಿಯೊಳಗೋ ಸೇರಿಕೊಳ್ಳುತ್ತದೆ. ಕೊರೆದ ತೂತೂ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ಚೆನ್ನಾಗಿಯೇ ಇರುತ್ತದೆ. ಒಳಗೆ ಹೋದ ಹುಳುವಿಗೆ ಔಷಧಿ ಸರಿಯಾಗಿ ತಗಲುವುದಿಲ್ಲ. ಅದಕ್ಕೇ ಹುಳುವನ್ನು ಹುಡುಕುವ ಮೊದಲು ಅದರ ಪತಂಗವನ್ನು ಎಣಿಸಬೇಕು.

ಮೋಹಕ ಬಲೆಯಲ್ಲಿ ತೂಗುವ ಲ್ಯೂರ್, ಹೆಣ್ಣು ಪತಂಗದ ವಾಸನೆಯ ನಕಲು. ಅದಕ್ಕೆ ಬರುವುದು ಗಂಡು ಮಾತ್ರ. ಲ್ಯೂರ್ ಕೊಳ್ಳುವಾಗ ಗುಲಾಬಿ ಕಾಯಿಕೊರಕದ್ದೇ ಎಂದು ಕೇಳಿ ತನ್ನಿ. ಹಸಿರು ಕಾಯಿಕೊರಕದ ಲ್ಯೂರ್ ಬೇರೆ, ಅದನ್ನು ಕಟ್ಟಿದರೆ ಈ ಪತಂಗ ಬರುವುದಿಲ್ಲ.

ಕಟ್ಟುವುದು

ಬಿತ್ತಿ 45 ದಿನವಾಗುವ ಹೊತ್ತಿಗೆ, ಮೊಗ್ಗು ಕಾಣುವಾಗ ಎಕರೆಗೆ 2 ಬಲೆ ಸಾಕು. ಒಂದರಿಂದ ಇನ್ನೊಂದಕ್ಕೆ ಸುಮಾರು 40 ಮೀಟರ್ ದೂರವಿರಲಿ. ಬದುವಿಗೆ ಅಂಟಿಸಿ ನಿಲ್ಲಿಸಬೇಡಿ, ನಾಲ್ಕಾರು ಸಾಲು ಒಳಗೆ ಬನ್ನಿ. ಬಲೆ ಗಿಡದ ತುದಿಗಿಂತ ಒಂದು ಅಡಿ ಮೇಲಿರಬೇಕು. ಗಿಡ ಬೆಳೆದಂತೆ ಅದನ್ನೂ ಏರಿಸುತ್ತಾ ಹೋಗಿ. ತುಂಬಾ ಜನ ಇದನ್ನೇ ಮರೆಯುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಬಲೆ ಎಲೆಯ ನಡುವೆ ಮುಳುಗಿರುತ್ತದೆ, "ಪತಂಗವೇ ಇಲ್ಲ" ಎಂದು ಖುಷಿಪಡುತ್ತಾರೆ.

ಲ್ಯೂರನ್ನು ತಂಬಾಕು, ಔಷಧಿ ಮುಟ್ಟಿದ ಕೈಯಲ್ಲಿ ಹಿಡಿಯಬೇಡಿ. ಕಟ್ಟಿದ ದಿನವನ್ನು ಬಲೆಯ ಮುಚ್ಚಳದ ಮೇಲೆ ಬರೆದಿಡಿ, 3-4 ವಾರಕ್ಕೆ ಬದಲಿಸಿ. ಹಳೆಯದನ್ನು ಹೊಲದಲ್ಲೇ ಎಸೆದರೆ ಅದರಲ್ಲಿ ಉಳಿದ ವಾಸನೆ ಪತಂಗವನ್ನು ಅತ್ತ ಎಳೆಯುತ್ತದೆ.

ಎಣಿಸುವುದು

ಶುರುವಿನಲ್ಲಿ ವಾರಕ್ಕೆ ಎರಡು ಸಲ ನೋಡಿದರೆ ಸಾಕು, ಸಂಖ್ಯೆ ಏರತೊಡಗಿದರೆ ದಿನಾ ಬೆಳಿಗ್ಗೆ. ಬಿದ್ದಿದ್ದೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನಮಗೆ ಬೇಕಾದದ್ದು ಚಿಕ್ಕದು, ಬೂದು-ಕಂದು ಬಣ್ಣದ್ದು, ಹಿಂದಿನ ರೆಕ್ಕೆಯ ಅಂಚಿನಲ್ಲಿ ಕೂದಲಿನ ಝಾಲರಿ ಇರುವಂಥದ್ದು. ಎಣಿಸಿದ ಮೇಲೆ ಚೀಲ ಖಾಲಿ ಮಾಡಿ. ಇಲ್ಲದಿದ್ದರೆ ನಿನ್ನೆಯದೇ ನಾಳೆಯೂ ಲೆಕ್ಕಕ್ಕೆ ಬರುತ್ತದೆ.

ಸಾಮಾನ್ಯವಾಗಿ ಹೇಳುವ ಮಿತಿ ಹೀಗಿದೆ: ಒಂದು ಬಲೆಗೆ ಒಂದು ರಾತ್ರಿಗೆ 8 ಪತಂಗ, ಅದೂ ಸತತ ಮೂರು ರಾತ್ರಿ. ಒಂದೇ ರಾತ್ರಿ ಜಾಸ್ತಿ ಬಿದ್ದರೆ ಗಾಬರಿಯಾಗಬೇಕಿಲ್ಲ. ಹೊಸ ಲ್ಯೂರ್ ಕಟ್ಟಿದ ರಾತ್ರಿ ಸಂಖ್ಯೆ ಜಿಗಿಯುವುದುಂಟು. ಮಳೆಗಾಳಿಯ ರಾತ್ರಿ ಪತಂಗ ಹಾರುವುದೇ ಕಡಿಮೆ, ಆಗ ಬಲೆ ಖಾಲಿಯಾದರೆ ಹೊಲ ಸುರಕ್ಷಿತ ಅಂತಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಎಕರೆ, ನಾಲ್ಕು ಬಲೆ. ಮೊದಲ ರಾತ್ರಿ ಬಿದ್ದದ್ದು 8, 7, 12, 0. ಒಟ್ಟು 27, ನಾಲ್ಕರಿಂದ ಭಾಗಿಸಿದರೆ ಏಳೂ ಬರಲಿಲ್ಲ. ಸದ್ಯ ತೊಂದರೆಯಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಪಕ್ಕದ ಬಲೆಗಳೆಲ್ಲ ತುಂಬಿರುವಾಗ ಒಂದಕ್ಕೆ ಮಾತ್ರ ಸೊನ್ನೆ ಯಾಕೆ? ಹೋಗಿ ನೋಡಿದರೆ ನಾಲ್ಕನೆಯದರ ಲ್ಯೂರ್ ಕಳಚಿ ನೆಲಕ್ಕೆ ಬಿದ್ದಿದೆ. ಆ ಬಲೆ ಬಿಟ್ಟು ಮೂರರಿಂದ ಭಾಗಿಸಿ: 9. ಮಿತಿ ದಾಟಿದೆ! ಲ್ಯೂರ್ ಸರಿಯಾಗಿ ಕಟ್ಟಿದ ಮೇಲೆ ಎರಡನೇ ರಾತ್ರಿ 9, 8, 13, 10. ಸರಾಸರಿ 10. ಮೂರನೇ ರಾತ್ರಿ 10, 9, 14, 11. ಸರಾಸರಿ 11.

ಪಂಪ್ ಎತ್ತುವ ಮೊದಲು

ಮೂರು ರಾತ್ರಿಯೂ ಮಿತಿ ದಾಟಿದೆ. ಆದರೂ ನಾನಾದರೆ ಕಾಯಿ ಸೀಳದೆ ಔಷಧಿ ಹೊಡೆಯುವುದಿಲ್ಲ. ಬಲೆಗೆ ಬಿದ್ದ ಗಂಡು ಪಕ್ಕದ ಹೊಲದ್ದೂ ಇರಬಹುದು. ಹೊಲದ ಉದ್ದಗಲಕ್ಕೆ ಓಡಾಡಿ, ಬೇರೆ ಬೇರೆ ಗಿಡದಿಂದ 20 ಹಸಿ ಕಾಯಿ ಕಿತ್ತುಕೊಳ್ಳಿ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಮೆತ್ತಗಿರಬೇಕು, ತೀರಾ ಬಲಿತದ್ದು ಬೇಡ. ಚಾಕುವಿನಿಂದ ಸೀಳಿ ತೊಳೆ ಬಿಡಿಸಿ. ಗುಲಾಬಿ ಬಣ್ಣಕ್ಕಾಗಿ ಕಾಯಬೇಡಿ, ಚಿಕ್ಕ ಮರಿ ಬೆಳ್ಳಗಿರುತ್ತದೆ, ತಲೆ ಮಾತ್ರ ಕಪ್ಪು-ಕಂದು. ಹುಳು ಸಿಗದಿದ್ದರೂ ಸಿಪ್ಪೆಯ ಒಳಮೈಯಲ್ಲಿ ಗಂಟಿನಂಥ ಗುಳ್ಳೆಯೋ ಸಣ್ಣ ಸುರಂಗದ ಗೆರೆಯೋ ಕಂಡರೆ ಅದೂ ಲೆಕ್ಕಕ್ಕೆ ಬರುತ್ತದೆ.

ಇಪ್ಪತ್ತರಲ್ಲಿ 2 ಕಾಯಿ ಹಾಳಾಗಿದ್ದರೆ ಶೇ 10, ಔಷಧಿಯ ಹೊತ್ತು. ನಮ್ಮ ಹೊಲದಲ್ಲಿ 3 ಸಿಕ್ಕಿತು ಅಂದುಕೊಳ್ಳಿ, ಆಗ ತಡ ಮಾಡಬಾರದು. ಮೊಟ್ಟೆ ಒಡೆಯಲು 4-5 ದಿನ ಸಾಕು, ಮರಿ ಹೊರಗೆ ಸಿಗುವ ಸಮಯ ಅದಕ್ಕಿಂತಲೂ ಕಡಿಮೆ. ಒಂದೂ ಸಿಗಲಿಲ್ಲವಾದರೆ ಔಷಧಿ ಬೇಡ, ಎರಡು-ಮೂರು ದಿನ ಬಿಟ್ಟು ಮತ್ತೆ 20 ಕಾಯಿ ಸೀಳಿ. ಇನ್ನೂ ಕಾಯಿ ಕಟ್ಟಿರದಿದ್ದರೆ ಹೂ ನೋಡಿ. ಹುಳು ಹೊಕ್ಕ ಹೂವಿನ ಎಸಳು ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಿರುತ್ತದೆ. ನೂರು ಹೂವಿನಲ್ಲಿ ಅಂಥವು ಹತ್ತಿದ್ದರೂ ಇದೇ ಮಾತು.

ಔಷಧಿ ಹೊಡೆದ ಮೇಲೂ ಬಲೆಗೆ ಪತಂಗ ಬೀಳುತ್ತಲೇ ಇರುತ್ತದೆ, ಹೊರಗಿನಿಂದ ಹಾರಿಬರುವುದನ್ನು ಯಾರು ತಡೆಯುತ್ತಾರೆ? ಅದನ್ನು ನೋಡಿ ಮತ್ತೊಂದು ಸುತ್ತು ಹೊಡೆಯಬೇಡಿ. ಔಷಧಿ ಕೆಲಸ ಮಾಡಿತೋ ಇಲ್ಲವೋ ಅನ್ನುವುದನ್ನು ಒಂದು ವಾರದ ನಂತರ, ಆಗ ತಾನೇ ಮೆತ್ತಗಿರುವ ಹೊಸ ಕಾಯಿ ಸೀಳಿ ತಿಳಿಯಬೇಕು.