87 ಅನ್ನುವ ಅಂಕಿಯ ಬೆನ್ನು ಹತ್ತಿ

ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಹಾಲಿನ ಡೈರಿ ಸೆಕ್ರೆಟರಿ. 2024ರ ಬೇಸಿಗೆಯ ಒಂದು ಬೆಳಗ್ಗೆ, ದಿನಾ ಅರ್ಧ ಲೀಟರ್ ಒಯ್ಯುವ ಅಕ್ಕ ಒಬ್ಬರು ಪಾತ್ರೆ ಇಲ್ಲದೆ ಬಂದು ನಿಂತರು. "ಅಣ್ಣಾ, ನಾಳೆಯಿಂದ ಬೇಡ. ಮಗೂಗೆ ಹಾಲು ಕೊಡಲ್ಲ ಅಂತಾಳೆ ಸೊಸೆ. ಇದನ್ನ ಓದಿ" ಅಂತ ಫೋನ್ ಕೈಗಿಟ್ಟರು.

ಅದೊಂದು ಉದ್ದನೆಯ ಲೇಖನ. ಒಳ್ಳೆಯ ಕನ್ನಡದಲ್ಲೇ ಇತ್ತು. ಅದರ ತಿರುಳು ಮೂರು ಮಾತು. ದೇಶದಲ್ಲಿ ಮಾರುವ ಹಾಲಿನಲ್ಲಿ ಶೇ 68.7ರಷ್ಟು ಕಲಬೆರಕೆ. ದಿನಕ್ಕೆ ಕರೆಯುವುದು 14 ಕೋಟಿ ಲೀಟರ್, ಬಳಸುವುದು 64 ಕೋಟಿ ಲೀಟರ್, ಉಳಿದದ್ದೆಲ್ಲ ಡಿಟರ್ಜೆಂಟು, ಯೂರಿಯಾದಿಂದ ಮಾಡಿದ್ದು. ಹೀಗೇ ಬಿಟ್ಟರೆ 2025ರ ಹೊತ್ತಿಗೆ ಶೇ 87ರಷ್ಟು ಭಾರತೀಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿದೆ.

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮೂರಲ್ಲಿ ಅರ್ಧ ಮನೆಗಳ ವಾರದ ಸಂತೆ ನಡೆಯುವುದೇ ಹಾಲಿನ ಬಟವಾಡೆಯಿಂದ. ಸುಳ್ಳು ಅಂತ ಅಲ್ಲೇ ಹೇಳಿಬಿಡಬೇಕು ಅನ್ನಿಸಿತು. ಆದರೆ ನಾನು ಹಾಲು ಮಾರುವವನು. ನನ್ನ ಬಾಯಿಮಾತನ್ನು ಯಾರು ನಂಬುತ್ತಾರೆ? ನಂಬಬಾರದು ಕೂಡ. ಹಾಗಾಗಿ "ಎರಡು ದಿನ ಟೈಮ್ ಕೊಡಿ ಅಕ್ಕ, ಇದನ್ನ ಮೊದಲು ಯಾರು ಹೇಳಿದ್ರು ಅಂತ ಹುಡುಕ್ತೀನಿ" ಅಂದೆ.

ಆ ಸಂಜೆ ಹಾಲು ಲಾರಿಗೆ ಹಾಕಿ ಕಳಿಸಿ, ಡೈರಿಯ ಕಂಪ್ಯೂಟರ್ ಮುಂದೆ ಕೂತೆ. ಮೊದಲ ಮುಕ್ಕಾಲು ಗಂಟೆ ದಂಡವಾಯಿತು. ಲೇಖನದ ಕನ್ನಡ ಸಾಲುಗಳನ್ನೇ ಹಾಕಿ ಹುಡುಕಿದೆ. ಸಿಕ್ಕಿದ್ದೆಲ್ಲ ಅದೇ ಲೇಖನದ ನಕಲು. ಒಂದರಲ್ಲಿ ಶೀರ್ಷಿಕೆ ಬೇರೆ, ಇನ್ನೊಂದರಲ್ಲಿ ಫೋಟೋ ಬೇರೆ. ಯಾವುದರಲ್ಲೂ ಬರೆದವರ ಹೆಸರಿಲ್ಲ, ಎಚ್ಚರಿಕೆ ಬಂದ ತಾರೀಖಿಲ್ಲ. ಹತ್ತು ಕಡೆ ಇದೆ ಅಂದಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ. ಒಂದೇ ಸಾಕ್ಷಿಯನ್ನು ಹತ್ತು ಸಲ ಜೆರಾಕ್ಸ್ ಮಾಡಿದ ಹಾಗೆ ಅಷ್ಟೇ.

ಆಮೇಲೆ ಹೊಳೆದದ್ದು ಇದು. ಲೇಖನ ಭಾಷೆಯಿಂದ ಭಾಷೆಗೆ ಹೋಗುವಾಗ ಮಾತು ಬದಲಾಗುತ್ತದೆ, ಅಂಕಿ ಬದಲಾಗುವುದು ಅಪರೂಪ. 87, 2025 ಇವೆರಡು ಯಾವ ಭಾಷೆಯಲ್ಲೂ ಹಾಗೇ ಉಳಿದಿರುತ್ತವೆ. ಅವನ್ನೇ ಹಿಡಿದು, ಹಳೆಯ ಪುಟಗಳು ಮಾತ್ರ ಬರುವ ಹಾಗೆ ಇಂಗ್ಲಿಷಿನಲ್ಲಿ ಹುಡುಕಿದೆ.

```
milk adulteration WHO advisory "87" 2025 before:2019-01-01
```

ಕೊನೆಯಲ್ಲಿರುವ before: ಅನ್ನುವುದು ಆ ತಾರೀಖಿಗಿಂತ ಮುಂಚಿನ ಪುಟಗಳನ್ನು ಕೇಳುತ್ತದೆ. ಮೊದಲು 2023 ಅಂತ ಹಾಕಿದೆ, ತುಂಬಾ ಬಂತು. 2020 ಅಂತ ಹಾಕಿದೆ, ಆಗಲೂ ಬಂತು. 2019ಕ್ಕೆ ಇಳಿಸಿದಾಗಲೂ ಸಿಕ್ಕಿತು. 2018ರ ಜನವರಿಗೆ ಇಳಿಸಿದಾಗ ನಿಂತಿತು. ಅಂದರೆ ಹುಟ್ಟಿದ್ದು 2018ರಲ್ಲಿ ಇರಬೇಕು. ಹೀಗೆ ತಾರೀಖನ್ನು ಹಿಂದಕ್ಕೆ ತಳ್ಳುತ್ತಾ ಹೋಗುವುದು ಬಾವಿಗೆ ಹಗ್ಗ ಬಿಟ್ಟು ಆಳ ನೋಡಿದ ಹಾಗೆ. ಆದರೆ ಹುಡುಕಾಟದಲ್ಲಿ ಕಾಣುವ ತಾರೀಖನ್ನು ಪೂರ್ತಿ ನಂಬಬಾರದು. ಹಳೆಯ ಪುಟಕ್ಕೆ ಹೊಸದಾಗಿ ಏನಾದರೂ ಸೇರಿಸಿದರೆ ಅದು ತಪ್ಪು ತೋರಿಸಬಹುದು. ಪುಟ ತೆರೆದು, ಸುದ್ದಿಯ ಮೊದಲ ಸಾಲಿನಲ್ಲಿ ಊರು ಮತ್ತು ದಿನ ನೋಡಲೇಬೇಕು. ಒಂದು ಲಿಂಕ್ ಸತ್ತೇಹೋಗಿತ್ತು. ಅದರ ವಿಳಾಸವನ್ನು web.archive.org ಗೆ ಹಾಕಿದೆ, ಹಳೆಯ ಪ್ರತಿ ಸಿಕ್ಕಿತು.

ಕೊನೆಗೆ ತಲುಪಿದ್ದು ಪಂಜಾಬಿನ ಲುಧಿಯಾನಾಕ್ಕೆ. 2018ರ ಸೆಪ್ಟೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ ಕೊಟ್ಟ ಸುದ್ದಿ ಅದು. ನಾನು ಅದನ್ನು ಮೂರು ಸಲ ಓದಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಸದಸ್ಯರೊಬ್ಬರು ಹಾಲಿನ ಬಗ್ಗೆ ಮಾತಾಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೀಗೊಂದು ಸಲಹೆ ಕಳಿಸಿದೆ ಅಂತ ಹೇಳಿದವರು ಅವರು. ಸಲಹೆಯ ಪ್ರತಿ ಇಲ್ಲ, ಸಂಖ್ಯೆ ಇಲ್ಲ, ತಾರೀಖಿಲ್ಲ. "ಸಂಸ್ಥೆ ಹೇಳಿದೆ ಅಂತ ಒಬ್ಬರು ಹೇಳಿದರು" ಅನ್ನುವುದು ದಾರಿಯಲ್ಲಿ ಬರುತ್ತಾ ಬರುತ್ತಾ "ಸಂಸ್ಥೆ ಹೇಳಿದೆ" ಅಂತ ಆಗಿಬಿಟ್ಟಿದೆ. ನಡುವಿನ ಮನುಷ್ಯ ಬಿದ್ದುಹೋಗಿದ್ದಾರೆ. ಇನ್ನೂ ಒಂದು ಬದಲಾವಣೆ. ಅಲ್ಲಿ ಕ್ಯಾನ್ಸರ್‌ನಂಥ ಗಂಭೀರ ಕಾಯಿಲೆಗಳು ಅಂತ ಇತ್ತು. ನಮ್ಮೂರಿಗೆ ಬರುವಷ್ಟರಲ್ಲಿ ಅದು ಬರೀ ಕ್ಯಾನ್ಸರ್ ಆಗಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಹೇಳಿದವರು ಸಿಕ್ಕರೇ ಹೊರತು ಅವರು ತೋರಿಸಿದ ಕಾಗದ ಸಿಕ್ಕಿರಲಿಲ್ಲ. site:who.int ಅಂತ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪುಟಗಳಲ್ಲಿ ಮಾತ್ರ ಹುಡುಕಿದೆ. ಅಂಥದ್ದೇನೂ ಬರಲಿಲ್ಲ. ಆದರೆ ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ, ಸರ್ಕಾರಕ್ಕೆ ಗುಟ್ಟಾಗಿ ಬರೆದಿರಬಹುದಲ್ವಾ? ಹಾಗಾಗಿ ಪತ್ರ ಯಾರಿಗೆ ಬಂತು ಅಂತಾರೋ ಅವರನ್ನೇ ಕೇಳಬೇಕು. site:pib.gov.in ಹಾಕಿದೆ. ಅದು ಕೇಂದ್ರ ಸರ್ಕಾರದ ಪತ್ರಿಕಾ ಹೇಳಿಕೆಗಳು ಇರುವ ಜಾಗ. 2023ರ ನವೆಂಬರಿನ ಹೇಳಿಕೆ ಸಿಕ್ಕಿತು. ಇಂಥ ಯಾವ ಸಲಹೆಯನ್ನೂ ತಾನು ಭಾರತ ಸರ್ಕಾರಕ್ಕೆ ಯಾವತ್ತೂ ಕೊಟ್ಟಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಭಾರತದ ಕಚೇರಿ, ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐಗೆ ತಿಳಿಸಿದೆ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಕೊಟ್ಟವರು, ಪಡೆದವರು ಇಬ್ಬರೂ ಇಲ್ಲ ಅಂದ ಮೇಲೆ 87ರ ಕಥೆ ಅಲ್ಲಿಗೆ ಮುಗಿಯಿತು.

14 ಕೋಟಿಯ ಲೆಕ್ಕ ಡೈರಿಯವನಿಗೆ ಓದಿದ ಕೂಡಲೇ ಕುಟುಕುವಂಥದ್ದು. ಅದೇ ಸರ್ಕಾರಿ ಹೇಳಿಕೆಯಲ್ಲಿ 2021-22ರಲ್ಲಿ ದೇಶದ ಹಾಲು 22.1 ಕೋಟಿ ಟನ್, ಅಂದರೆ ದಿನಕ್ಕೆ ಸುಮಾರು 60 ಕೋಟಿ ಕಿಲೋ ಅಂತ ಇದೆ. 2019ರಲ್ಲಿ ಬಳಕೆ ದಿನಕ್ಕೆ 44.5 ಕೋಟಿ ಕಿಲೋ. ಹಾಗಾದರೆ 14 ಎಲ್ಲಿಂದ ಬಂತು? ನನ್ನ ಊಹೆ ಹೀಗಿದೆ. 2014-15ರಲ್ಲಿ ದೇಶದ ಹಾಲು ವರ್ಷಕ್ಕೆ 14.63 ಕೋಟಿ ಟನ್. ಯಾರೋ ವರ್ಷದ ಟನ್ನನ್ನು ದಿನದ ಲೀಟರ್ ಅಂತ ಓದಿಕೊಂಡಿದ್ದಾರೆ. ಆ 14.63 ಕೋಟಿ ಟನ್ನನ್ನು 365ರಿಂದ ಭಾಗಿಸಿದರೆ ಆಗಲೇ ದಿನಕ್ಕೆ 40 ಕೋಟಿ ಕಿಲೋ ಆಗುತ್ತದೆ.

ನನ್ನನ್ನು ನಿಜವಾಗಿ ಗೊಂದಲಕ್ಕೆ ಕೆಡವಿದ್ದು 68.7. ಅದನ್ನು ಹುಡುಕಿದಾಗ ಎಫ್‌ಎಸ್‌ಎಸ್‌ಎಐ 2011ರಲ್ಲಿ ಮಾಡಿದ ಸಮೀಕ್ಷೆಯೇ ಸಿಕ್ಕಿತು. 1,791 ಮಾದರಿ ತೆಗೆದು ನೋಡಿದ್ದರು, ಶೇ 68.4 ಮಾನದಂಡಕ್ಕೆ ಹೊಂದಿರಲಿಲ್ಲ. ಹತ್ತಿರ ಹತ್ತಿರ ಅದೇ ಅಂಕಿ. ಒಂದು ಕ್ಷಣ ಕೈಕಾಲು ತಣ್ಣಗಾಯಿತು, ಲೇಖನ ನಿಜವೇ ಇರಬೇಕು ಅನ್ನಿಸಿತು. ಆಮೇಲೆ ಒಳಗಿನ ವಿವರ ಓದಿದೆ. ತಪ್ಪು ಬಂದ ಮಾದರಿಗಳಲ್ಲಿ ಜಾಸ್ತಿ ಇದ್ದದ್ದು ಫ್ಯಾಟು, ಅದು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶವಾದ ಎಸ್‌ಎನ್‌ಎಫ್ ಕಡಿಮೆ ಇರುವಂಥವು, ಅಂದರೆ ಹೆಚ್ಚಾಗಿ ನೀರು ಬೆರೆತವು. ಆಮೇಲೆ ಹಾಲಿನ ಪುಡಿ, ಗ್ಲೂಕೋಸ್ ಸೇರಿದವು. ಡಿಟರ್ಜೆಂಟ್ ಸಿಕ್ಕಿದ್ದು 103ರಲ್ಲಿ. ಪಾತ್ರೆ, ಕ್ಯಾನು ತೊಳೆದು ಸರಿಯಾಗಿ ಜಾಲಿಸದಿದ್ದರೂ ಅದು ಹಾಲಿಗೆ ಸೇರುತ್ತದೆ.

"ಮಾನದಂಡಕ್ಕೆ ಹೊಂದಿಲ್ಲ" ಅನ್ನುವುದಕ್ಕೂ "ವಿಷ" ಅನ್ನುವುದಕ್ಕೂ ಎಷ್ಟು ದೂರ ಅಂತ ನಾನು ಪ್ರತಿ ಬೇಸಿಗೆ ಕಣ್ಣಾರೆ ನೋಡುತ್ತೇನೆ. ಹಸಿ ಮೇವು ಸಿಗುವುದಿಲ್ಲ, ಹಸು ಬಿಸಿಲಿಗೆ ನೀರು ಜಾಸ್ತಿ ಕುಡಿಯುತ್ತದೆ, ಮೇವು ಕಡಿಮೆ ತಿನ್ನುತ್ತದೆ. 8.5ರ ಹತ್ತಿರ ಇರಬೇಕಾದ ಎಸ್‌ಎನ್‌ಎಫ್ 8.1ಕ್ಕೆ ಇಳಿಯುತ್ತದೆ. ಕೆಚ್ಚಲಿನಿಂದ ನೇರ ಬಂದ ಹಾಲು, ಒಂದು ಹನಿ ನೀರು ಬಿದ್ದಿಲ್ಲ, ಆದರೂ ಮೆಷಿನ್‌ನಲ್ಲಿ ಕಡಿಮೆ ಬಂತು ಅಂತ ರೈತನಿಗೆ ರೇಟು ಕಡಿಮೆ. ಅಂಥ ಹಾಲು ಸಮೀಕ್ಷೆಗೆ ಹೋದರೆ ಅದೂ 68.4ರ ಒಳಗೇ ಬೀಳುತ್ತದೆ. ನೀರು ಬೆರೆಸುವುದು ಮೋಸವೇ, ನಾನು ಅದನ್ನು ಒಪ್ಪುವವನಲ್ಲ. ಆದರೆ ನೀರು ಬೆರೆತದ್ದನ್ನು ಯೂರಿಯಾದಿಂದ ಮಾಡಿದ್ದು ಅಂತ ಬರೆಯುವುದು ಇನ್ನೊಂದು ಮೋಸ.

ಮೂಲ ಸಿಕ್ಕಿದ ಮೇಲೆ ಅದಕ್ಕಿಂತ ಹೊಸದು ಇದೆಯಾ ಅಂತಲೂ ನೋಡಬೇಕು. ಇತ್ತು. ಎಫ್‌ಎಸ್‌ಎಸ್‌ಎಐ 2018ರಲ್ಲಿ ಇನ್ನೊಂದು ಸಮೀಕ್ಷೆ ಮಾಡಿ, 2019ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿತ್ತು. 1,103 ಊರುಗಳಿಂದ 6,432 ಮಾದರಿ. ಶೇ 93 ಕುಡಿಯಲು ಸುರಕ್ಷಿತ. ಸುರಕ್ಷಿತವಲ್ಲ ಅನ್ನುವ ಮಟ್ಟದ ಕಲಬೆರಕೆ ಕಂಡದ್ದು 12 ಮಾದರಿಗಳಲ್ಲಿ. ಫ್ಯಾಟು, ಎಸ್‌ಎನ್‌ಎಫ್‌ನಂಥ ಗುಣಮಟ್ಟದಲ್ಲಿ ಹಿಂದೆ ಬಿದ್ದವು ಶೇ 41. ಆದರೆ ಅದರಲ್ಲಿ ನನ್ನ ಕಣ್ಣು ನಿಂತ ಸಾಲು ಬೇರೆ. 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಅನ್ನುವ ಬೂಷ್ಟಿನ ವಿಷ ಮಿತಿಗಿಂತ ಜಾಸ್ತಿ ಇತ್ತು. ಅದು ಯಾರೂ ಬೆರೆಸಿದ್ದಲ್ಲ. ಬೂಷ್ಟು ಹಿಡಿದ ಹಿಂಡಿ, ಜೋಳ ತಿಂದ ಹಸುವಿನಿಂದ ಹಾಲಿಗೆ ಇಳಿಯುವಂಥದ್ದು. ಕಾಯಿಸಿದರೂ ಹೋಗುವುದಿಲ್ಲ. ವೈರಲ್ ಲೇಖನದಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ.

ಮೂರನೇ ದಿನ ಊರಿನ ವಾಟ್ಸ್ಯಾಪ್ ಗುಂಪಿಗೆ ಬರೆದೆ. ಉದ್ದ ಬರೆದರೆ ಯಾರೂ ಓದುವುದಿಲ್ಲ ಅಂತ ನಾಲ್ಕೇ ಸಾಲು. "ಈ ಮಾತು 2018ರಲ್ಲಿ ಲುಧಿಯಾನಾದಲ್ಲಿ ಒಬ್ಬರು ಹೇಳಿದ್ದು. ಅಂಥ ಎಚ್ಚರಿಕೆ ನಾವು ಕೊಟ್ಟೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ, ಸರ್ಕಾರದ ಹೇಳಿಕೆ ಕೆಳಗಿದೆ. 68 ಅನ್ನುವುದು 2011ರ ಸಮೀಕ್ಷೆ, ಅದರಲ್ಲಿ ಜಾಸ್ತಿ ಸಿಕ್ಕಿದ್ದು ನೀರು. ನಾನು ಡೈರಿಯವನು, ನನ್ನ ಮಾತು ನಂಬಬೇಡಿ, ಲಿಂಕ್ ಒತ್ತಿ ನೀವೇ ಓದಿ." ಲೇಖನವನ್ನು ಮತ್ತೆ ಅಂಟಿಸಲಿಲ್ಲ. ಸುಳ್ಳು ಅಂತ ಹೇಳುವುದಕ್ಕೆ ಹಾಕಿದರೂ, ಅಲ್ಲಿಂದ ಎತ್ತಿಕೊಂಡು ಮುಂದೆ ಕಳಿಸುವವರು ಇರುತ್ತಾರೆ.

ಅಕ್ಕನಿಗೆ ಫೋನಿನಲ್ಲಿ ಕಳಿಸಿದರೆ ಸಾಕಾಗುವುದಿಲ್ಲ ಅನ್ನಿಸಿತು. ಅವರು ಸಂಜೆ ಸೊಸೆಯನ್ನೂ ಕರೆದುಕೊಂಡು ಬಂದರು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ತೋರಿಸಿದೆ, ಅಫ್ಲಾಟಾಕ್ಸಿನ್ ಸಾಲನ್ನೂ ಬಿಡದೆ. ಸೊಸೆ ಓದಿದ ಹುಡುಗಿ, ಸುಮ್ನೆ ತಲೆಯಾಡಿಸಲಿಲ್ಲ.

"ಹಾಗಾದ್ರೆ ಅಣ್ಣಾ, ನಮ್ಮೂರ ಹಸುಗಳು ತಿನ್ನೋ ಹಿಂಡಿ ಹೇಗಿದೆ?" ಅಂದಳು.

ಮೂವರೂ ಡೈರಿ ಹಿಂದಿನ ಗೋಡೌನಿಗೆ ಹೋದೆವು. ಚೀಲಗಳು ನೆಲಕ್ಕೆ ತಾಗಿಕೊಂಡೇ ಜೋಡಿಸಿದ್ದವು. ಗೋಡೆ ಪಕ್ಕದ ಎರಡು ಚೀಲಗಳ ತಳ ಒದ್ದೆಯಾಗಿತ್ತು, ಕೈ ಹಾಕಿದರೆ ಹಿಂಡಿ ಗಂಟು ಕಟ್ಟಿತ್ತು, ಮುಗ್ಗಲು ವಾಸನೆ. ಆ ಎರಡನ್ನು ಅವತ್ತೇ ಹೊರಗೆ ಹಾಕಿದೆ. ಮಾರನೇ ದಿನ ಹಲಗೆ ತರಿಸಿ, ಗೋಡೆಯಿಂದ ಒಂದು ಅಡಿ ಬಿಟ್ಟು ಚೀಲಗಳನ್ನು ಎತ್ತಿ ಇಡಿಸಿದೆ. ಅದರ ಮಾರನೇ ಬೆಳಗ್ಗೆ ಅಕ್ಕ ಪಾತ್ರೆ ಹಿಡಿದು ಬಂದರು. ಹಾಲು ಹಾಕಿಸಿಕೊಳ್ಳುವ ಮೊದಲು ಗೋಡೌನಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು.