ಗಂಟೆಗೆ 312 ಅಲ್ಲ, 810: ನನ್ನ ದರದ ಲೆಕ್ಕ ಸರಿಯಾದದ್ದು ಹೀಗೆ

ಮೈಸೂರಿನಲ್ಲಿ ಮನೆಯಿಂದಲೇ ವೆಬ್ ಡಿಸೈನ್ ಮಾಡುತ್ತೇನೆ. ತಿಂಗಳಿಗೆ 50,000 ಬೇಕು, 160 ಗಂಟೆ ಕೆಲಸ ಅಂತ ಗಂಟೆಗೆ 312 ರೂಪಾಯಿ ಕೇಳುತ್ತಿದ್ದೆ. ದಸರಾ ಮುಗಿಯುವಷ್ಟರಲ್ಲಿ ಖಾತೆ ಖಾಲಿ. ದರ ಶೇ 20 ಏರಿಸಿದೆ, ಭಾನುವಾರವೂ ಕೂತೆ, ಸಾಲಲಿಲ್ಲ.

ನಾಲ್ಕು ವಾರ ಗಂಟೆ ಬರೆದಿಟ್ಟಾಗ ತಪ್ಪು ಸಿಕ್ಕಿತು. ವಾರದ 40ರಲ್ಲಿ ಬಿಲ್ ಆಗುತ್ತಿದ್ದದ್ದು 25 ಮಾತ್ರ, ಉಳಿದದ್ದು ಫೋನು, ಕೊಟೇಶನ್ನು, ಬಾಕಿ ವಸೂಲಿ. ಹಾಗಾಗಿ ಮೊದಲು ಗಂಟೆ ಎಣಿಸಿ. 52 ವಾರದಲ್ಲಿ ರಜೆ, ಹಬ್ಬ, ಜ್ವರಕ್ಕೆ 6, ಕೆಲಸವಿಲ್ಲದ ದಿನಗಳಿಗೆ 8 ಕಳೆದರೆ 38 ವಾರ, ಅಂದರೆ 950 ಗಂಟೆ. ಆಮೇಲೆ ದುಡ್ಡು:

```
(600000 + 90000) / 0.90 / 950 = 807
```

90,000 ಲ್ಯಾಪ್‌ಟಾಪ್, ಸಾಫ್ಟ್‌ವೇರ್, ನೆಟ್‌ಗೆ. ತೆರಿಗೆಗೆ ಬಿಲ್ಲಿನ ಶೇ 10 ಎತ್ತಿಡುತ್ತೇನೆ, ಅದಕ್ಕೇ 0.90ರಿಂದ ಭಾಗಿಸಿದ್ದು, ಸುಮ್ನೆ ಶೇ 10 ಕೂಡಿಸಿದರೆ ಕಡಿಮೆ ಬೀಳುತ್ತದೆ. ಪ್ರಾಜೆಕ್ಟ್ 30 ಗಂಟೆಯದ್ದಾದರೆ ತಿದ್ದುಪಡಿಗೆ 6 ಸೇರಿಸಿ, 807 ಅನ್ನು 810ಕ್ಕೆ ಸುತ್ತಿಸಿ 36 ಗಂಟೆಗೆ 29,160 ಕೇಳುತ್ತೇನೆ.