ತೊಳೆದು ಹೊಲಿದ ಕುಲಾವಿ: ನನ್ನ ಅನುಭವ

ಮೂರು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಹನ್ನೆರಡು ತೊಟ್ಟಿಲು ಸೆಟ್ ಒಟ್ಟಿಗೆ ವಾಪಸ್ ಬಂದವು. ಕುಲಾವಿ, ಕುಂಚಿಗೆ, ಒಂದು ಅಂಗಿ, ಪುಟ್ಟ ದುಪಟಿ, ಇಷ್ಟಕ್ಕೆ ಒಂದು ಸೆಟ್. ಹೊರಗೆ ಕೆಂಪು ಕಾಟನ್, ಒಳಗೆ ಬಿಳಿ ಮಲ್ ಲೈನಿಂಗ್. ಹೆಸರಿಡುವ ದಿನ ಮಗು ಅತ್ತು ಬೆವತು, ಹಣೆಯ ಸುತ್ತ ಕುಂಕುಮ ಬಳಿದ ಹಾಗೆ ಕೆಂಪು ಪಟ್ಟಿ ಮೂಡಿತ್ತಂತೆ. ಲೈನಿಂಗ್ ಪೂರ್ತಿ ಗುಲಾಬಿ. ಸೆಟ್‌ಗೆ 350 ರೂಪಾಯಿಯ ಹಾಗೆ 4,200 ರೂಪಾಯಿ ವಾಪಸ್ ಕೊಟ್ಟೆ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಎರಡು ಮಷಿನ್ ಇಟ್ಟುಕೊಂಡು ಹೊಲಿಯುವ ನನಗೆ ಅದು ಸಣ್ಣ ದುಡ್ಡಲ್ಲ.

ಅವತ್ತಿನಿಂದ ತೊಳೆಯದ ಬಟ್ಟೆಗೆ ಕತ್ತರಿ ಹಾಕಿಲ್ಲ. ಅಂಗಡಿಯವರು ನಕ್ಕರು. "ಏನ್ರೀ ಅಕ್ಕಾರ, ತೊಳದ ಅರಬಿ ತಂದೀರಿ? ಗಿರಾಕಿ ಹಳೇದು ಅಂತಾರ್ರೀ, ಮುಟ್ಟೂದಿಲ್ಲ." ಅತ್ತೆಯವರೂ ಒಪ್ಪಲಿಲ್ಲ. ಹೊಸ ಬಟ್ಟೆಗೆ ಅಂಚಿಗೆ ಅರಿಶಿನ ಹಚ್ಚಿ ಉಡಬೇಕು, ನೀರಿಗೆ ಹಾಕಿದರೆ ಹೊಸದು ಹೇಗಾಗುತ್ತದೆ ಅಂತ ಅವರ ವಾದ. ಅದೇ ಅತ್ತೆ ಬಾಣಂತಿ ಕೋಣೆಯಲ್ಲಿ ಮಗುವಿಗೆ ಸುತ್ತಿದ್ದು ಮಾತ್ರ ನೂರು ಸಲ ಒಗೆದ ಮಾವನವರ ಧೋತರ! ಅದನ್ನು ಹೇಳಿದೆ. ಸುಮ್ಮನಾದರು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಕೆಟ್ ತುಂಬ ತಣ್ಣೀರು, ಎರಡು ಮುಷ್ಟಿ ಉಪ್ಪು, ಒಂದು ತಂಬಿಗೆ ವಿನೆಗರ್. ಕೆಂಪು ಬಟ್ಟೆ ಅರ್ಧ ದಿನ ನೆನೆಸಿದೆ. ನೀರು ಹೆಚ್ಚು ಕಡಿಮೆ ತಿಳಿಯಾಗೇ ಇತ್ತು. ಗೆದ್ದೆ ಅಂದುಕೊಂಡು ಎಂಟು ಸೆಟ್ ಹೊಲಿದೆ. ಒಂದು ಕುಲಾವಿಯನ್ನು ಪರೀಕ್ಷೆಗೆ ಅಂತ ಬರೀ ನೀರಲ್ಲಿ ಅದ್ದಿದರೆ ಮತ್ತೆ ಬಳಬಳ ಬಣ್ಣ. ಆಗ ಬಣ್ಣ ಹಾಕುವ ಒಬ್ಬ ಪರಿಚಿತರು ಬೈದು ಬುದ್ಧಿ ಹೇಳಿದರು. ಬಣ್ಣದ ತೊಟ್ಟಿಗೆ ಅವರು ಉಪ್ಪು ಸುರಿಯುವುದೇ ಬಣ್ಣ ನೀರು ಬಿಟ್ಟು ಬಟ್ಟೆ ಕಡೆ ಹೋಗಲಿ ಅಂತ. ನಾನು ಬಕೆಟ್‌ಗೆ ಉಪ್ಪು ಹಾಕಿದಾಗ ಆದದ್ದೂ ಅದೇ. ಬಿಡಬೇಕಾದ ಬಣ್ಣವನ್ನು ಬಟ್ಟೆ ಬಿಡದ ಹಾಗೆ ಹಿಡಿದು ಕೂರಿಸಿದೆ. ವಿನೆಗರ್ ರೇಷ್ಮೆ, ಉಣ್ಣೆಗೆ ಹಾಕುವ ಬಣ್ಣಕ್ಕೆ ಸ್ವಲ್ಪ ಉಪಯೋಗ, ಕಾಟನ್‌ಗೆ ಏನೂ ಇಲ್ಲ.

ಕಾಟನ್‌ಗೆ ಈಗ ಜಾಸ್ತಿ ಬಳಸುವುದು ರಿಯಾಕ್ಟಿವ್ ಬಣ್ಣ. ನೂಲಿಗೆ ಗಟ್ಟಿಯಾಗಿ ಕಚ್ಚಿಕೊಂಡ ಬಣ್ಣ ಜನ್ಮಕ್ಕೂ ಹೋಗುವುದಿಲ್ಲ. ಆದರೆ ಒಂದಿಷ್ಟು ಬಣ್ಣ ತೊಟ್ಟಿಯಲ್ಲೇ ನೀರಿನ ಜೊತೆ ಸೇರಿ ಕೆಟ್ಟಿರುತ್ತದೆ, ಅದಕ್ಕೆ ಕಚ್ಚುವ ಶಕ್ತಿ ಇರುವುದಿಲ್ಲ, ಸುಮ್ನೆ ನೂಲಿನ ಮೇಲೆ ಕೂತಿರುತ್ತದೆ. ಅದನ್ನು ಕುದಿ ನೀರಿನ ಸೋಪಲ್ಲಿ ತೆಗೆಯುವುದು ಬಣ್ಣದವರ ಕೆಲಸ. ನೀರು, ಕಟ್ಟಿಗೆ ಉಳಿಸಲು ಕೆಲವರು ಅದನ್ನು ಅರ್ಧಕ್ಕೇ ಬಿಡುತ್ತಾರೆ. ಆ ಉಳಿದ ಕೆಲಸ ನಮ್ಮ ಬಚ್ಚಲಿಗೆ ಬರುತ್ತದೆ.

ಸರಿ, ಹಾಗಾದರೆ ನೇರ ಕುದಿ ನೀರಿಗೇ ಹಾಕೋಣ ಅಂದುಕೊಂಡೆ. ಅದು ಇನ್ನೊಂದು ಸೋಲು. ಬಟ್ಟೆಯಲ್ಲಿದ್ದ ಗಂಜಿ ಅಂಟಾಗಿ, ಬಣ್ಣವನ್ನೂ ಹಿಡಿದುಕೊಂಡು ಅಲ್ಲಲ್ಲಿ ಕಲೆಯಾಗಿ ಕೂತಿತು. ಆರು ಮೀಟರ್ ಹೋಯಿತು. ಮೊದಲು ಗಂಜಿ, ಆಮೇಲೆ ಬಣ್ಣ. ಈ ಕ್ರಮ ತಿಳಿಯಲು ನನಗೆ ಸುಮಾರು ನಾಲ್ಕು ತಿಂಗಳು ಬೇಕಾಯಿತು.

ಗಂಜಿ ಎಲ್ಲಿಂದ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಗ್ಗದಲ್ಲಿ ಹಾಸಿನ ಎಳೆ ಉಜ್ಜಿ ಹರಿಯದಿರಲಿ ಅಂತ ಕುಡಿಸುತ್ತಾರೆ. ಅಷ್ಟಕ್ಕೇ ನಿಲ್ಲದೆ, ತೆಳು ಬಟ್ಟೆ ದಪ್ಪ ಕಾಣಲಿ ಅಂತ ಕೊನೆಗೆ ಮತ್ತೊಂದು ಸಲ ಕೊಡುವವರೂ ಇದ್ದಾರೆ. ಒಮ್ಮೆ 20 ಮೀಟರ್ ಅಗ್ಗದ ಬಿಳಿ ಬಟ್ಟೆಯನ್ನು ತೊಳೆಯುವ ಮೊದಲು ತೂಗಿದೆ, ಸುಮಾರು 2 ಕೆಜಿ 300 ಗ್ರಾಂ ಇತ್ತು. ತೊಳೆದು ಚೆನ್ನಾಗಿ ಒಣಗಿಸಿದ ಮೇಲೆ 2 ಕೆಜಿ ಚಿಲ್ಲರೆ. ಉದ್ದವೂ 19 ಮೀಟರ್‌ಗೆ ಇಳಿದಿತ್ತು. ಬೆಳಕಿಗೆ ಹಿಡಿದರೆ ಆ ಕಡೆ ಕಿಟಕಿ ಸರಳು ಎಣಿಸಬಹುದು! ಬಟ್ಟೆ ಅಂತ ಕಾಲು ಕೆಜಿ ಗಂಜಿಗೆ ದುಡ್ಡು ಕೊಟ್ಟಿದ್ದೆ. ಆ ಗಂಜಿಯ ಅಂಚೇ ಮಗುವಿನ ಕುತ್ತಿಗೆಗೆ ಉಜ್ಜಿ ಗೆರೆ ಬೀಳಿಸುವುದು. ಬೆವರು ಹೀರಲು ಬಿಡದಿರುವುದೂ ಅದೇ.

ಗಂಜಿ ಇದೆಯೋ ಇಲ್ಲವೋ ನೋಡಲು ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಸಾಕು. ಹತ್ತು ಹನಿ ನೀರಿಗೆ ಒಂದು ಹನಿ ಬೆರೆಸಿ ಬಟ್ಟೆಯ ಮೂಲೆಗೆ ಬಿಡುತ್ತೇನೆ. ಹಳದಿಯಾಗಿಯೇ ಉಳಿದರೆ ಗಂಜಿ ಇಲ್ಲ, ಕಪ್ಪು ನೀಲಿಯಾದರೆ ಇದೆ. ಕೆಂಪು ಬಟ್ಟೆಯ ಮೇಲೆ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೆ ಬಟ್ಟೆ ನೆನೆಸಿದ ನೀರನ್ನೇ ಸ್ವಲ್ಪ ಬಿಳಿ ಬಟ್ಟಲಿಗೆ ತೆಗೆದು ಅದರ ಮೇಲೆ ಹನಿ ಬಿಡಿ. ಒಂದು ಸಲ ಮಾತ್ರ ಈ ಪರೀಕ್ಷೆ ನನಗೆ ಮೋಸ ಮಾಡಿತು. ಪಾಲಿಸ್ಟರ್ ಬೆರೆತ ಬಟ್ಟೆ, ಅಯೋಡಿನ್ ಹಳದಿಯಾಗಿಯೇ ಇತ್ತು, ಆದರೂ ಬಟ್ಟೆ ರಟ್ಟಿನ ಹಾಗೆ ಬಿರುಸು. ಅದಕ್ಕೆ ಕುಡಿಸಿದ್ದು ಧಾನ್ಯದ ಗಂಜಿಯಲ್ಲ, ಪಿವಿಎ ಅನ್ನುವ ಒಂದು ಬಗೆಯ ಅಂಟು. ಅದು ಬರೀ ಬಿಸಿ ನೀರಿಗೆ ಕರಗುತ್ತದೆ, ನೀರು ಜಾರುಜಾರಾಗುತ್ತದೆ.

ಇನ್ನು ಗಂಜಿ ತೆಗೆಯುವುದು. ಹಳೇ ರೀತಿ ಅಂದರೆ ಒಂದು ದಿನ ನೀರಲ್ಲಿ ಹುಳಿ ಬರಿಸುವುದು. ನಾನೂ ಮಾಡಿದೆ. ಗಂಜಿ ಹೋಯಿತು, ಆದರೆ ದೋಸೆ ಹಿಟ್ಟು ಕೆಟ್ಟ ವಾಸನೆ ಮೂರು ನೀರಿಗೂ ಹೋಗಲಿಲ್ಲ. ಎರಡನೇ ದಿನ ಮರೆತದ್ದಕ್ಕೆ ಕಪ್ಪು ಚುಕ್ಕೆ ಬೇರೆ ಬಂತು. ಗಿರಣಿಗಳು ಗಂಜಿ ಕರಗಿಸಲು ಹಿಂದೆ ಮೊಳಕೆ ಬಾರ್ಲಿ ಬಳಸುತ್ತಿದ್ದವು ಅಂತ ಎಲ್ಲೋ ಓದಿದ್ದು ನೆನಪಾಯಿತು. ಬಾರ್ಲಿ ಯಾಕೆ, ಮನೆಯಲ್ಲಿ ರಾಗಿ ಇದೆಯಲ್ಲ? ಅಂಗಡಿಯ ರಾಗಿ ಮಾಲ್ಟ್ ಡಬ್ಬಿ ತಂದು ಹಾಕಿದೆ, ಏನೂ ಆಗಲಿಲ್ಲ. ಅದು ಹುರಿದದ್ದು, ಮೊಳಕೆಯ ಸತ್ವ ಬೆಂಕಿಗೆ ಸತ್ತಿರುತ್ತದೆ. ಆಮೇಲೆ ನಾನೇ ರಾಗಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದೆ. ನೀರಲ್ಲಿ ಕಲಸಿ ತೆಳು ಬಟ್ಟೆಯಲ್ಲಿ ಸೋಸಿ, ಆ ತಿಳಿ ನೀರನ್ನು ಮಾತ್ರ ಬಳಸಿದೆ. ಸೋಸದೆ ಹಾಕಿದರೆ ಬಟ್ಟೆ ಕಂದಾಗುತ್ತದೆ. ನೀರು ಕೈ ಇಟ್ಟರೆ ಒಂದೆರಡು ಕ್ಷಣ ಮಾತ್ರ ತಡೆಯುವಷ್ಟು ಬಿಸಿ ಇರಬೇಕು, 50 ಡಿಗ್ರಿ ಆಸುಪಾಸು. ಕುದಿಯುತ್ತಿದ್ದರೆ ಕೆಲಸ ಕೆಡುತ್ತದೆ. ಎರಡು ಗಂಟೆ ಮುಚ್ಚಿಟ್ಟು, ಜಾಲಾಡಿ, ಅಯೋಡಿನ್ ಬಿಟ್ಟೆ. ಹಳದಿ! ಎಷ್ಟು ನೀರಿಗೆ ಎಷ್ಟು ಹಿಟ್ಟು ಅನ್ನುವುದು ಬಟ್ಟೆಯಿಂದ ಬಟ್ಟೆಗೆ ಬೇರೆ, ಅದನ್ನು ನೀವೇ ಕಂಡುಕೊಳ್ಳಿ. ನನ್ನ ಲೆಕ್ಕ ಹೇಳಲ್ಲ.

ಗಂಜಿ ಹೋದ ಮೇಲೆ ಬಣ್ಣ. ಮೊದಲು ಎರಡು ಸಲ ಬರೀ ತಣ್ಣೀರು, ಬಣ್ಣದವರ ಉಪ್ಪು, ಸೋಡಾ ಹೋಗಲಿ ಅಂತ. ಆಮೇಲೆ ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿ ನೀರು, ಸಾದಾ ಸೋಪು, ಹತ್ತು ನಿಮಿಷ ಕೋಲಿನಿಂದ ತಿರುವುವುದು. ಪ್ರತಿ ಸಲದ ನೀರನ್ನೂ ಒಂದು ಗಾಜಿನ ಲೋಟಕ್ಕೆ ತುಂಬಿ ಕಿಟಕಿಯಲ್ಲಿ ಸಾಲಾಗಿ ಇಡುತ್ತೇನೆ. ಕೋಕಂ ಶರಬತ್ತು, ತೆಳು ಗುಲಾಬಿ, ಆಮೇಲೆ ಬರೀ ನೀರು, ಹೀಗೆ ಇಳಿಯುತ್ತಾ ಬಂದರೆ ಬಟ್ಟೆ ಒಳ್ಳೆಯದು. ನಾಲ್ಕನೇ ಲೋಟವೂ ಮೊದಲನೆಯದರ ಹಾಗೇ ಇದ್ದರೆ ಅದು ಕಚ್ಚುವ ಬಣ್ಣವೇ ಅಲ್ಲ, ಎಷ್ಟು ತೊಳೆದರೂ ಬಿಡುತ್ತಲೇ ಇರುತ್ತದೆ. ಅಂಥದ್ದನ್ನು ಮಕ್ಕಳ ಬಟ್ಟೆಗೆ ಹಾಕಲ್ಲ. ಅದಕ್ಕೇ ಈಗ ಥಾನ್ ತರುವ ಮೊದಲು ಅರ್ಧ ಮೀಟರ್ ತಂದು ನೋಡುತ್ತೇನೆ. ಕೊನೆಗೆ ಒದ್ದೆ ಬಿಳಿ ಮಲ್‌ನಿಂದ ಹತ್ತು ಸಲ ಉಜ್ಜುವುದು, ಮತ್ತೆ ಅದೇ ಒದ್ದೆ ತುಂಡನ್ನು ಕೆಂಪು ಬಟ್ಟೆಯ ಮಡಿಕೆಯಲ್ಲಿಟ್ಟು ರಾತ್ರಿ ಬಿಡುವುದು. ಒದ್ದೆಯಾಗಿ ಅಂಟಿಕೊಂಡು ಕೂತಾಗಲೇ ಬಣ್ಣ ದಾಟುವುದು ಜಾಸ್ತಿ.

ಇವೆರಡಕ್ಕಿಂತ ನನ್ನನ್ನು ಹೆದರಿಸಿದ್ದು ಕಣ್ಣಿಗೆ ಕಾಣದ ಮೂರನೆಯದು. ಒಮ್ಮೆ "ಇಸ್ತ್ರಿ ಬೇಡ, ಮುದುಡಲ್ಲ" ಅಂತ ಪ್ರಿಂಟೆಡ್ ಪಾಪ್ಲಿನ್ ಕೊಟ್ಟರು. ಮಳೆಗಾಲ, ಕಿಟಕಿ ಮುಚ್ಚಿದ್ದೆ. ಇಸ್ತ್ರಿ ಇಟ್ಟ ತಕ್ಷಣ ಕಣ್ಣು ಉರಿದು ನೀರು ಬಂತು. ವಾರದಲ್ಲಿ ಮಣಿಕಟ್ಟು ಕೆಂಪಾಗಿ ತುರಿಕೆ. ಚರ್ಮದ ಡಾಕ್ಟರ್ ಮೊದಲು ಕೇಳಿದ್ದೇ ಬಟ್ಟೆ ಯಾವುದು ಅಂತ. ಕಾಟನ್ ಮುದುಡದ ಹಾಗೆ ಮಾಡುವ ರಾಳದಿಂದ ಫಾರ್ಮಾಲ್ಡಿಹೈಡ್ ಅನ್ನುವ ಚುರುಕು ವಾಸನೆಯ ಅನಿಲ ಹೊರಬರುತ್ತದೆ, ಸೆಕೆ ಮತ್ತು ತೇವದಲ್ಲಿ ಇನ್ನೂ ಜಾಸ್ತಿ. ಜಪಾನಿನಲ್ಲಿ 1973ರ ಕಾನೂನಿನ ಅಡಿ 24 ತಿಂಗಳೊಳಗಿನ ಮಕ್ಕಳ ಬಟ್ಟೆಯಲ್ಲಿ ಅದು ಪತ್ತೆಯೇ ಆಗಬಾರದು ಅಂತ ಇದೆ.

ನಾನು ಮಾಡುವ ಪರೀಕ್ಷೆ ಇಷ್ಟೇ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯ ತಳಕ್ಕೆ ಎರಡು ಚಮಚ ನೀರು, ಬಟ್ಟೆಯ ತುಂಡು ನೀರಿಗೆ ತಾಗದ ಹಾಗೆ ದಾರದಲ್ಲಿ ತೂಗು, ಮುಚ್ಚಳ ಬಿಗಿ, ಇಡೀ ದಿನ ಬಿಸಿಲು. ಸಂಜೆ ಮುಚ್ಚಳ ತೆಗೆದು ದೂರದಿಂದ ಕೈಯಲ್ಲಿ ಬೀಸಿ ಮೂಸಿದರೆ ಆ ಚುರುಕು ವಾಸನೆ ಗೊತ್ತಾಗುತ್ತದೆ. ಎಷ್ಟಿದೆ ಅಂತ ಮೂಗು ಹೇಳಲ್ಲ, ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ. ಒಂದು ಸಲ ತೊಳೆದರೆ ಬಟ್ಟೆಯ ಮೇಲೆ ಬಿಡಿಯಾಗಿದ್ದದ್ದು ಬಹುಪಾಲು ಹೋಗುತ್ತದೆ. ರಾಳ ಮಾತ್ರ ಅಲ್ಲೇ ಇರುತ್ತದೆ, ನಿಧಾನಕ್ಕೆ ಬಿಡುತ್ತಲೇ ಇರುತ್ತದೆ. ದೊಡ್ಡವರ ಶರ್ಟು ಆದರೆ ಎರಡು ಸಲ ಒಗೆದು, ಗಾಳಿಗೆ ಹರಡಿ ಹಾಕಿಕೊಳ್ಳಿ. ಮಕ್ಕಳಿಗೆ ಆ ಬಟ್ಟೆಯನ್ನೇ ನಾನು ತರುವುದಿಲ್ಲ.

ಖರ್ಚು? ಗ್ಯಾಸು, ಸೋಪು, ರಾಗಿ, ಒಗೆಯಲು ಬರುವ ಹುಡುಗಿಯ ಕೂಲಿ, ಎಲ್ಲ ಸೇರಿ ಮೀಟರ್‌ಗೆ ಆರೇಳು ರೂಪಾಯಿ. ಕುಗ್ಗಿದ್ದು ಬೇರೆ, 20 ಮೀಟರ್‌ಗೆ ಮುಕ್ಕಾಲೋ ಒಂದೋ ಮೀಟರ್ ಲೆಕ್ಕದಿಂದ ಹೊರಗೆ. ನಮ್ಮಲ್ಲಿ ನಳ ದಿನಾ ಬರಲ್ಲ, ಬಂದ ದಿನವೇ ಈ ಕೆಲಸ. ಸೆಟ್‌ಗೆ 40 ರೂಪಾಯಿ ಏರಿಸಿದೆ. ನಕ್ಕ ಅಂಗಡಿಯವರೇ ಈಗ ಡಬ್ಬಿಯ ಮೇಲೆ "ತೊಳೆದದ್ದು" ಅಂತ ಚೀಟಿ ಅಂಟಿಸಿ ಮಾರುತ್ತಾರೆ, ದೀಪಾವಳಿಗೆ ಮುಂಚೆಯೇ 60 ಸೆಟ್ ಕೇಳಿದ್ದಾರೆ. ತೊಳೆದರೂ ಹೊಸದರ ಕಳೆ ಇರಲು ಕೊನೆಯ ನೀರಿಗೆ ಒಂದು ವಸ್ತು ಹಾಕುತ್ತೇನೆ. ಅದೂ ನನ್ನಲ್ಲೇ ಇರಲಿ.

ಸೋತಿರುವುದು ಜೀನ್ಸ್ ಬಟ್ಟೆಯಲ್ಲಿ. ಒಬ್ಬರು ಮೊಮ್ಮಗನಿಗೆ ಡೆನಿಮ್ ಅಂಗಿಯೇ ಬೇಕು ಅಂತ ಹಠ ಹಿಡಿದರು. ಆರು ಸಲ ತೊಳೆದೆ, ಲೋಟದ ನೀರು ತಿಳಿಯಾಯಿತು, ಆದರೆ ಒಣ ಮಲ್‌ನಿಂದ ಉಜ್ಜಿದರೆ ಮಲ್ ನೀಲಿ. ಇಂಡಿಗೊ ನೀರಿಗೆ ಕರಗುವ ಬಣ್ಣವಲ್ಲ, ನೂಲಿನ ಮೇಲೆ ಪುಡಿಯ ಹಾಗೆ ಕೂತಿರುತ್ತದೆ, ಉಜ್ಜಿದಲ್ಲಿ ಉದುರುತ್ತದೆ. ಕೊರಳು, ತೋಳಿನ ಅಂಚಿಗೆಲ್ಲ ಮೆತ್ತನೆಯ ಹಳೇ ಕಾಟನ್ ಪಟ್ಟಿ ಕೊಟ್ಟು ಹೊಲಿದುಕೊಟ್ಟೆ.